2016ರ ಅಸೆಸ್‌ಮೆಂಟ್ ಆರ್ಡರ್‌ಗೆ ಈಗ ದೃಢೀಕೃತ ನಕಲು ಪಡೆದದ್ದು ಹೇಗೆ

ನಮ್ಮ ಮಾವನವರ ಆದಾಯ ತೆರಿಗೆ ರೀಫಂಡು ಹಳೆಯ ಬಾಕಿಯೊಂದಕ್ಕೆ ಹೊಂದಾಣಿಕೆ ಆಗಲಿದೆ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 245ನೇ ಸೆಕ್ಷನ್ನಿನ ನೋಟಿಸು ಬಂದಾಗ ಈ ಕೆಲಸ ಶುರುವಾಯಿತು. ಬಾಕಿ 2013-14ನೇ ಅಸೆಸ್‌ಮೆಂಟ್ ವರ್ಷದ್ದು, ಮೊತ್ತ 56,030 ರೂಪಾಯಿ. ಆ ವರ್ಷದ ಕಡತ ಸ್ಕ್ರುಟಿನಿಗೆ ಹೋಗಿ 2016ರ ಮಾರ್ಚ್‌ನಲ್ಲಿ 143(3) ಅಡಿ ಆದೇಶ ಆಗಿತ್ತು. ಬ್ಯಾಂಕ್ ಬಡ್ಡಿಯ ಟಿಡಿಎಸ್ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಅವರು 2017ರ ಜುಲೈನಲ್ಲೇ 154ರ ಅಡಿ ತಿದ್ದುಪಡಿ ಅರ್ಜಿ ಕೊಟ್ಟಿದ್ದರು. ಟಪಾಲು ಮೊಹರಿನ ಪ್ರತಿ ಮನೆಯಲ್ಲಿತ್ತು, ಆದೇಶ ಮಾತ್ರ ಇರಲಿಲ್ಲ. ಅದು ಆಗಿನ ಆಡಿಟರ್ ಕಚೇರಿಯಲ್ಲಿ ಉಳಿದಿತ್ತು, ಆ ಕಚೇರಿ ಮುಚ್ಚಿ ಎಷ್ಟೋ ಕಾಲವಾಗಿದೆ. ತಿದ್ದುಪಡಿ ಮಾಡಿಕೊಡಿ ಎಂದು ಈಗಿನ ಆದಾಯ ತೆರಿಗೆ ವಾರ್ಡ್‌ನಲ್ಲಿ ಕೇಳಿದರೆ, ಮೂಲ ಆದೇಶ ಮತ್ತು ತೆರಿಗೆ ಲೆಕ್ಕದ ಕಂಪ್ಯುಟೇಷನ್ ಶೀಟು ತನ್ನಿ ಎಂದರು.

ಇಂಥ ಬಾಕಿಯ ಬೆನ್ನು ಹತ್ತುವ ಮೊದಲು ಮೊತ್ತ ನೋಡಿಕೊಳ್ಳಿ. 2024ರ ಫೆಬ್ರುವರಿಯಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿಯಾದ ಸಿಬಿಡಿಟಿ ಸಣ್ಣ ಹಳೆಯ ಬಾಕಿಗಳನ್ನು ಕೈಬಿಡಲು ಆದೇಶ ಮಾಡಿತು. 2010-11ರವರೆಗಿನ ಅಸೆಸ್‌ಮೆಂಟ್ ವರ್ಷಗಳಲ್ಲಿ 25,000 ರೂಪಾಯಿವರೆಗಿನ, 2011-12ರಿಂದ 2015-16ರವರೆಗಿನ ವರ್ಷಗಳಲ್ಲಿ 10,000 ರೂಪಾಯಿವರೆಗಿನ ಬಾಕಿಗಳು ಅದರಲ್ಲಿ ಸೇರಿದ್ದವು. ಒಬ್ಬರಿಗೆ ಒಟ್ಟು ಮಿತಿ ಒಂದು ಲಕ್ಷ. ನಿಮ್ಮದು ಆ ಮಿತಿಯೊಳಗಿದ್ದರೆ ನಕಲಿನ ಕೆಲಸವೇ ಬೇಕಾಗದಿರಬಹುದು. ನಮ್ಮದು ಆ ಮಿತಿ ಮೀರಿತ್ತು.

245ರ ನೋಟಿಸಿಗೆ ಉತ್ತರಿಸಲು 21 ದಿನ ಇರುತ್ತದೆ. ನಕಲು ಬರುವವರೆಗೆ ಆ ಗಡುವು ಕಾಯುವುದಿಲ್ಲ. ಆದ್ದರಿಂದ ಮೊದಲು ಪೋರ್ಟಲ್‌ನ `Pending Actions` ಒಳಗಿನ `Response to Outstanding Demand` ತೆರೆದು, ಬೇಡಿಕೆ ಒಪ್ಪುವುದಿಲ್ಲ ಎಂದು ದಾಖಲಿಸಿದೆವು. ಅಸೆಸಿಂಗ್ ಆಫೀಸರ್ ಬಳಿ ತಿದ್ದುಪಡಿ ಅರ್ಜಿ ಬಾಕಿ ಇದೆ ಎಂಬ ಕಾರಣ ಆರಿಸಿ, 2017ರ ಸ್ವೀಕೃತಿಯನ್ನೇ ಲಗತ್ತಿಸಿದೆವು. ಅದೇ ಪುಟದಲ್ಲಿ ಮುಂದೆ ಬಹಳ ಕೆಲಸಕ್ಕೆ ಬರುವ ಮೂರು ವಿವರಗಳಿವೆ: ಬೇಡಿಕೆಯ ರೆಫರೆನ್ಸ್ ಸಂಖ್ಯೆ, ಯಾವ ಸೆಕ್ಷನ್ ಅಡಿ ಆದದ್ದು, ಯಾವ ದಿನಾಂಕದಲ್ಲಿ ಆದದ್ದು. ಇವನ್ನು ಬರೆದುಕೊಳ್ಳಿ, ಪುಟವನ್ನೂ ಮುದ್ರಿಸಿಕೊಳ್ಳಿ. ಆದೇಶದ ಪ್ರತಿ ಕೈಯಲ್ಲಿಲ್ಲದವರಿಗೆ ಅದು ಎಂದು, ಯಾವ ಸೆಕ್ಷನ್ನಿನಲ್ಲಿ ಆಯಿತು ಎನ್ನಲು ಇರುವ ಆಧಾರ ಇದೊಂದೇ.

ಆದೇಶದ ಪ್ರತಿಯನ್ನೂ ಪೋರ್ಟಲ್‌ನಲ್ಲೇ ಹುಡುಕಿದೆವು. `e-Proceedings` ಒಳಗೆ ಆ ವರ್ಷದ ಸಾಲೇ ಇರಲಿಲ್ಲ. ಇದು ದೋಷವಲ್ಲ. ಸ್ಕ್ರುಟಿನಿ ಆದೇಶಗಳು ಇಲಾಖೆಯ ಹೊಸ ಐಟಿಬಿಎ ವ್ಯವಸ್ಥೆಯಲ್ಲಿ ತಯಾರಾಗಿ ಪೋರ್ಟಲ್‌ಗೆ ಬರತೊಡಗಿದ್ದು ನಮ್ಮ ಆದೇಶದ ನಂತರ. 2016ರ ಆದೇಶ ಕಾಗದದ ಮೇಲೆ ಆದದ್ದು, ಕೈ ಸಹಿಯದು, ಅಂಚೆಯಲ್ಲೋ ಕೈಯಲ್ಲೋ ತಲುಪಿದ್ದು. `View Filed Returns` ಪುಟದಲ್ಲಿ ಡೌನ್‌ಲೋಡ್‌ಗೆ ಒಂದು ಆದೇಶ ಸಿಗುತ್ತದೆ, ಪಾಸ್‌ವರ್ಡ್ ಹಾಕಿದರೆ ತೆರೆಯುತ್ತದೆ. ಪ್ಯಾನ್ ಸಣ್ಣ ಅಕ್ಷರಗಳಲ್ಲಿ, ಅದರ ಹಿಂದೆಯೇ ಹುಟ್ಟಿದ ದಿನಾಂಕ. ಅನೇಕರು ಇದೇ ಅಸೆಸ್‌ಮೆಂಟ್ ಆರ್ಡರ್ ಎಂದುಕೊಳ್ಳುತ್ತಾರೆ. ಅದು 143(1)ರ ಇಂಟಿಮೇಷನ್, ರಿಟರ್ನ್ ಅನ್ನು ಯಂತ್ರ ಪರಿಶೀಲಿಸಿ ಕಳಿಸಿದ ಲೆಕ್ಕ. ಸ್ಕ್ರುಟಿನಿ ಆದೇಶ ಬೇರೆ, ಅದರ ಗಣನೆಯೂ ಬೇರೆ. ಇಂಟಿಮೇಷನ್ ಕಳಿಸುವ ಸಿಪಿಸಿ ಇಲ್ಲೇ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ ಎಂದು ಅಲ್ಲಿಗೆ ಹೋಗಬೇಕಿಲ್ಲ. ವಾರ್ಡ್ ಅಧಿಕಾರಿ ಮಾಡಿದ ಆದೇಶದ ಕಡತ ಅಲ್ಲಿರುವುದಿಲ್ಲ.

ನಿಮ್ಮ ಆದೇಶ ಇತ್ತೀಚಿನದಾಗಿದ್ದರೆ ದಾರಿ ಸುಲಭ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪ್ರತಿ ಪತ್ರದ ಮೇಲೂ ಡಿಐಎನ್ ಎಂಬ ಸಂಖ್ಯೆ ಇರಬೇಕು. ಪೋರ್ಟಲ್‌ನ ಮುಖಪುಟದಲ್ಲೇ ಅದನ್ನು ಹಾಕಿ ಪತ್ರ ಅಸಲಿಯೇ ಎಂದು ನೋಡಬಹುದು. ಅಲ್ಲಿ ಆಗುವ ತೊಂದರೆ ಬೇರೆ ಥರದ್ದು: ಆದೇಶದ ಪಿಡಿಎಫ್ ಸಿಗುತ್ತದೆ, ಕಂಪ್ಯುಟೇಷನ್ ಶೀಟು ಮತ್ತು 156ರ ಬೇಡಿಕೆ ನೋಟಿಸು ಬೇರೆ ಫೈಲುಗಳಾಗಿರುತ್ತವೆ, ಅವುಗಳಲ್ಲೊಂದು ಇಲ್ಲದೇ ಇರಬಹುದು. ಅಧಿಕಾರಿಯನ್ನು ಕಾಣದೆ ಆನ್‌ಲೈನಿನಲ್ಲೇ ಆದ ಫೇಸ್‌ಲೆಸ್ ಆದೇಶವಾದರೂ ಕೇಳಬೇಕಾದದ್ದು ನಿಮ್ಮ ವಾರ್ಡ್ ಅಧಿಕಾರಿಯನ್ನೇ. ಪ್ರಕ್ರಿಯೆ ಮುಗಿದ ಮೇಲೆ ವಿದ್ಯುನ್ಮಾನ ದಾಖಲೆಗಳೆಲ್ಲ ಅವರ ಬಳಿಗೇ ವರ್ಗವಾಗುತ್ತವೆ ಎಂದು 144ಬಿ ಸೆಕ್ಷನ್ನೇ ಹೇಳುತ್ತದೆ.

ಕಂಪ್ಯುಟೇಷನ್ ಶೀಟಿಗೆ ಇಷ್ಟು ಒತ್ತು ಏಕೆಂದರೆ, ಆದೇಶದ ಪಠ್ಯದಲ್ಲಿ ಆದಾಯ ಎಷ್ಟು ಸೇರಿಸಿದೆವು, ಏಕೆ ಸೇರಿಸಿದೆವು ಎಂಬುದು ಇರುತ್ತದೆ. ಕೊನೆಯ ಸಾಲು ಸಾಮಾನ್ಯವಾಗಿ ‘ಲಗತ್ತಿಸಿದ ಗಣನೆಯಂತೆ ತೆರಿಗೆ ವಿಧಿಸಲಾಗಿದೆ’ ಎಂಬಷ್ಟೇ. ಯಾವ ಟಿಡಿಎಸ್ ಒಪ್ಪಿದರು, ಯಾವುದನ್ನು ಬಿಟ್ಟರು, ಮುಂಗಡ ತೆರಿಗೆ ಕಡಿಮೆ ಕಟ್ಟಿದ್ದಕ್ಕೆ 234ಬಿ ಬಡ್ಡಿ ಎಷ್ಟು ತಿಂಗಳಿಗೆ ಹಾಕಿದರು ಎಂಬುದು ಕಾಣುವುದು ಶೀಟಿನಲ್ಲಿ ಮಾತ್ರ. ಹಳೆಯ ಕಾಲದಲ್ಲಿ ಅದರ ನಮೂನೆಯ ಹೆಸರು ಐಟಿಎನ್‌ಎಸ್ 150. ಅಧಿಕಾರಿ ಸಹಿ ಮಾಡಿದ ಆ ನಮೂನೆಯೂ ಅಸೆಸ್‌ಮೆಂಟ್ ಆರ್ಡರ್‌ನ ಭಾಗವೇ ಎಂದು ಸುಪ್ರೀಂ ಕೋರ್ಟು ಕಲ್ಯಾಣ್‌ಕುಮಾರ್ ರೇ ಪ್ರಕರಣದಲ್ಲಿ 1991ರಲ್ಲಿ ಹೇಳಿದೆ. ‘ಆರ್ಡರ್ ಕೊಡಿ’ ಎಂದಷ್ಟೇ ಬರೆದರೆ ಶೀಟಿಲ್ಲದ ಆರ್ಡರ್ ಬರುತ್ತದೆ, ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ. ಮೂರನ್ನೂ ಹೆಸರು ಹಿಡಿದು ಕೇಳಿ: ಆದೇಶ, ಗಣನೆ ಹಾಳೆ, 156ರ ನೋಟಿಸು.

ನಮಗೆ ಅತಿ ಹೆಚ್ಚು ಸಮಯ ಹಿಡಿದದ್ದು ಕಡತ ಯಾವ ಕಚೇರಿಯಲ್ಲಿದೆ ಎಂದು ಕಂಡುಹಿಡಿಯಲು. ಪೋರ್ಟಲ್ ಮುಖಪುಟದ `Know Your AO` ಕೊಂಡಿಯಲ್ಲಿ ಪ್ಯಾನ್ ಮತ್ತು ಮೊಬೈಲ್ ಸಂಖ್ಯೆ ಹಾಕಿದರೆ ಈಗಿನ ವಾರ್ಡ್ ಯಾವುದು, ಕಟ್ಟಡ ಯಾವುದು ಎಂಬುದು ಬರುತ್ತದೆ. ಬೆಂಗಳೂರಿನಲ್ಲಿ ಹೆಚ್ಚಿನ ವಾರ್ಡುಗಳು ಕೋರಮಂಗಲ 80 ಅಡಿ ರಸ್ತೆಯ ಬಿಎಂಟಿಸಿ ಕಟ್ಟಡದಲ್ಲಿವೆ; ಹಿರಿಯ ಅಧಿಕಾರಿಗಳ ಕಚೇರಿಗಳು ಕ್ವೀನ್ಸ್ ರಸ್ತೆಯ ಸೆಂಟ್ರಲ್ ರೆವೆನ್ಯೂ ಕಟ್ಟಡದಲ್ಲಿವೆ. ಆದರೆ ಪ್ಯಾನ್ ಎಲ್ಲಿದೆಯೋ ಕಾಗದದ ಕಡತವೂ ಅಲ್ಲೇ ಇರಬೇಕೆಂದಿಲ್ಲ. 2014ರ ಕೊನೆಯಲ್ಲಿ ಇಲಾಖೆಯ ಪುನರ್‌ರಚನೆಯಾಗಿ ವಾರ್ಡುಗಳ ಹೆಸರು, ಸಂಖ್ಯೆ, ವ್ಯಾಪ್ತಿ ಎಲ್ಲ ಬದಲಾದವು. ಅದಾದ ಮೇಲೂ ವಿಳಾಸ ಬದಲಾದಾಗ, ಸಂಬಳದಾರರು ನಿವೃತ್ತರಾದಾಗ ಪ್ಯಾನ್ ಬೇರೆ ವಾರ್ಡಿಗೆ ವರ್ಗವಾಗುತ್ತದೆ. ಪ್ಯಾನ್ ಕಂಪ್ಯೂಟರಿನಲ್ಲಿ ಒಂದೇ ಕ್ಷಣದಲ್ಲಿ ದಾಟುತ್ತದೆ. ಕಡತ ದಾಟಬೇಕಾದರೆ ಯಾರಾದರೂ ಪಟ್ಟಿ ಮಾಡಿ, ಕಟ್ಟು ಕಟ್ಟಿ ಕಳಿಸಬೇಕು.

‘ಸರ್, ಆ ವರ್ಷದ ಫೈಲು ನಮಗೆ ಬಂದೇ ಇಲ್ಲ, ಆರ್ಡರ್ ಮಾಡಿದ ವಾರ್ಡ್‌ನಲ್ಲಿ ಕೇಳಿ’ ಎಂಬ ಉತ್ತರ ನಮಗೆ ಸಿಕ್ಕಿತು. ಆರ್ಡರ್ ಮಾಡಿದ ವಾರ್ಡ್‌ನವರು ‘ಪ್ಯಾನ್ ನಮ್ಮಲ್ಲಿಲ್ಲ, ಈಗಿನ ವಾರ್ಡ್‌ನವರು ಬರೆದರೆ ಹುಡುಕುತ್ತೇವೆ’ ಎಂದರು. ಎರಡೂ ಮಾತು ಅವರವರ ಮಟ್ಟಿಗೆ ಸರಿಯೇ. ನಡುವೆ ನಿಂತವರಿಗೆ ಮಾತ್ರ ಬಹಳ ಕಷ್ಟ, ಅದರಲ್ಲೂ ವಯಸ್ಸಾದವರನ್ನು ಕರೆದುಕೊಂಡು ಲಿಫ್ಟಿಗೆ ಕಾದು ನಿಂತಾಗ. ಈ ಗಂಟು ಬಿಚ್ಚಿದ್ದು ಒಂದೇ ಅರ್ಜಿಯನ್ನು ಇಬ್ಬರಿಗೂ ಏಕಕಾಲಕ್ಕೆ ಬರೆದದ್ದರಿಂದ. ಈಗಿನ ವಾರ್ಡ್ ಅಧಿಕಾರಿಯನ್ನು ಉದ್ದೇಶಿಸಿ ಅರ್ಜಿ, ಅದರ ಪ್ರತಿ ಹಳೆಯ ವಾರ್ಡಿಗೆ, ಮತ್ತೊಂದು ಪ್ರತಿ ಎರಡೂ ವಾರ್ಡಿನ ಮೇಲಿರುವ ರೇಂಜ್‌ನ ಜಾಯಿಂಟ್ ಅಥವಾ ಅಡಿಷನಲ್ ಕಮಿಷನರಿಗೆ. ಮೂರಕ್ಕೂ ಸ್ವೀಕೃತಿ. ಹಾಗಾದಾಗ ‘ಅಲ್ಲಿ ಕೇಳಿ’ ಎನ್ನುವ ಬದಲು ಒಂದು ಕಚೇರಿ ಇನ್ನೊಂದಕ್ಕೆ ಪತ್ರ ಬರೆಯಬೇಕಾಗುತ್ತದೆ.

ಅರ್ಜಿ ಒಂದು ಪುಟ ಸಾಕು. ಹೆಸರು, ಪ್ಯಾನ್, ಅಸೆಸ್‌ಮೆಂಟ್ ವರ್ಷ, ಆದೇಶದ ಸೆಕ್ಷನ್ ಮತ್ತು ದಿನಾಂಕ, ಬೇಡಿಕೆಯ ರೆಫರೆನ್ಸ್ ಸಂಖ್ಯೆ, ಆಗಿನ ವಾರ್ಡಿನ ಹೆಸರು ಮೊದಲ ಪ್ಯಾರಾದಲ್ಲೇ ಇರಲಿ. ಅಸೆಸ್‌ಮೆಂಟ್ ವರ್ಷ ಮತ್ತು ಹಣಕಾಸು ವರ್ಷ ಅದಲುಬದಲಾದರೆ ಬೇರೆ ವರ್ಷದ ಕಟ್ಟು ತೆಗೆಯುತ್ತಾರೆ, ಆದ್ದರಿಂದ ಎರಡನ್ನೂ ಬರೆಯಿರಿ: ಅಸೆಸ್‌ಮೆಂಟ್ ವರ್ಷ 2013-14, ಅಂದರೆ ಹಣಕಾಸು ವರ್ಷ 2012-13. ಎರಡನೆಯ ಪ್ಯಾರಾದಲ್ಲಿ ಬೇಕಾದ ಮೂರು ದಾಖಲೆಗಳು, ಪ್ರತಿಯೊಂದರ ‘ದೃಢೀಕೃತ ನಕಲು’ ಎಂಬ ಮಾತು, ನಕಲಿನ ಶುಲ್ಕ ಕಟ್ಟಲು ಸಿದ್ಧ ಎಂಬ ಮಾತು. ಮೂರನೆಯದರಲ್ಲಿ ಏಕೆ ಬೇಕು ಎಂಬುದು. ನಾವು ಬಾಕಿ ಇರುವ 154 ಅರ್ಜಿಯ ದಿನಾಂಕ ಬರೆದು, 154(8)ರ ಪ್ರಕಾರ ಅರ್ಜಿ ಬಂದ ತಿಂಗಳ ಕೊನೆಯಿಂದ ಆರು ತಿಂಗಳೊಳಗೆ ಅದು ತೀರ್ಮಾನ ಆಗಬೇಕಿತ್ತು ಎಂದೂ ಸೇರಿಸಿದೆವು. ಕೊನೆಗೆ ಒಂದು ಸಾಲು: ಆದೇಶದ ಕಾಗದದ ಪ್ರತಿ ಸಿಗದಿದ್ದರೆ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆಯಲ್ಲಿರುವ ಗಣನೆಯನ್ನು ಮುದ್ರಿಸಿ ದೃಢೀಕರಿಸಿ ಕೊಡಬೇಕು, ಬೇಡಿಕೆ ದಾಖಲಾತಿ ರಿಜಿಸ್ಟರಿನ ಆ ನಮೂದಿನ ನಕಲನ್ನೂ ಕೊಡಬೇಕು. ಈ ಸಾಲು ಬಿಡಬೇಡಿ. ಕಡತ ಕಾಣದಿದ್ದರೂ ಬೇಡಿಕೆ ಎಲ್ಲೋ ನಮೂದಾಗಿರಲೇಬೇಕು, ಇಲ್ಲದಿದ್ದರೆ ಅದು ಪೋರ್ಟಲ್‌ನಲ್ಲಿ ತೋರುತ್ತಿರಲಿಲ್ಲ.

ಲಗತ್ತುಗಳು: ಪ್ಯಾನ್ ಕಾರ್ಡಿನ ನಕಲು, ಗುರುತಿನ ಚೀಟಿ, ಪೋರ್ಟಲ್‌ನ ಬೇಡಿಕೆ ಪುಟ, 154 ಅರ್ಜಿಯ ಸ್ವೀಕೃತಿ. ನಾನು ಅಳಿಯನಾಗಿ ಓಡಾಡುತ್ತಿದ್ದರಿಂದ ಮಾವನವರ ಸಹಿಯ ಅಧಿಕಾರಪತ್ರವೂ ಇತ್ತು. 288ನೇ ಸೆಕ್ಷನ್ ಪ್ರಕಾರ ಸಂಬಂಧಿಕರೂ ಅಧಿಕೃತ ಪ್ರತಿನಿಧಿ ಆಗಬಹುದು, ಇದಕ್ಕೆ ಆಡಿಟರೇ ಆಗಬೇಕಿಲ್ಲ. ಆದೇಶ ಕಳೆದಿದೆ ಎಂಬುದಕ್ಕೆ ಪೊಲೀಸ್ ದೂರಿನ ಪ್ರತಿ ಕೇಳುವವರೂ ಇದ್ದಾರೆ. ಮೂಲ ದಾಖಲೆ ಇಲಾಖೆಯದೇ, ನಮ್ಮಲ್ಲಿದ್ದದ್ದು ನಮಗೆ ಕೊಟ್ಟ ಪ್ರತಿ. ಆದ್ದರಿಂದ ಅದು ಕಡ್ಡಾಯ ಎಂದು ನಾವು ಒಪ್ಪಲಿಲ್ಲ, ‘ಆಡಿಟರ್ ಕಚೇರಿ ಮುಚ್ಚಿದಾಗ ಕಳೆದಿದೆ’ ಎಂಬ ಒಂದು ಸಾಲಿನ ಹೇಳಿಕೆ ಸಾಕಾಯಿತು.

ಅರ್ಜಿಯನ್ನು ವಾರ್ಡ್ ಮೇಜಿನ ಮೇಲೆ ಇಟ್ಟು ಬರಬೇಡಿ. ಕಟ್ಟಡದಲ್ಲಿ ಆಯಕರ್ ಸೇವಾ ಕೇಂದ್ರದ ಕೌಂಟರ್ ಇದ್ದರೆ ಅಲ್ಲಿ ಕೊಡಿ, ಅವರು ಕಂಪ್ಯೂಟರಿಗೆ ಹಾಕಿ ಸಂಖ್ಯೆಯುಳ್ಳ ಸ್ವೀಕೃತಿ ಕೊಡುತ್ತಾರೆ. ಮುಂದೆ ಯಾರ ಬಳಿ ಹೋದರೂ ಆ ಸಂಖ್ಯೆ ಹೇಳಿದರೆ ಮಾತು ಮುಂದುವರಿಯುತ್ತದೆ.

ಆಮೇಲೆ ಕಾಯುವುದು. ಕಾಯುತ್ತಲೇ ಆರ್‌ಟಿಐ ಅರ್ಜಿಯನ್ನೂ ಹಾಕಿದೆವು, ಈ ದಾರಿಯನ್ನು ಎಲ್ಲರೂ ಮೊದಲೇ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯ ಅರ್ಜಿಗೆ ಉತ್ತರದ ಗಡುವು ಇಲ್ಲ, ಆರ್‌ಟಿಐಗೆ 30 ದಿನ. ‘ಮಾಹಿತಿ ಹಕ್ಕು’ ಎಂಬುದರ ವ್ಯಾಖ್ಯೆಯಲ್ಲೇ ದೃಢೀಕೃತ ನಕಲು ಪಡೆಯುವುದೂ ಸೇರಿದೆ. `rtionline.gov.in` ತಾಣದಲ್ಲಿ 10 ರೂಪಾಯಿ ಕಟ್ಟಿ ಹಾಕಬಹುದು, ಇಲ್ಲವೇ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅಂಚೆಯಲ್ಲಿ ಕಳಿಸಬಹುದು. ಕೋರ್ಟ್ ಫೀ ಸ್ಟಾಂಪು ಕೇಂದ್ರದ ಕಚೇರಿಗಳಲ್ಲಿ ನಡೆಯದು. ನಕಲಿಗೆ ಪುಟಕ್ಕೆ 2 ರೂಪಾಯಿ. ಅರ್ಜಿ ಕನ್ನಡದಲ್ಲೂ ಇರಬಹುದು, ಕಾಯ್ದೆಯ 6(1) ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ಅಧಿಕಾರಿ ಬೇರೆ ರಾಜ್ಯದವರಿದ್ದರೆ ಅನುವಾದಕ್ಕೆಂದು ದಿನ ಹೋಗುತ್ತದೆ, ಅದಕ್ಕೇ ನಾವು ಇಂಗ್ಲಿಷಿನಲ್ಲಿ ಬರೆದೆವು.

ಆರ್‌ಟಿಐಯಲ್ಲಿ ಪ್ರಶ್ನೆ ಕೇಳಬಾರದು, ದಾಖಲೆ ಕೇಳಬೇಕು. ‘ನನ್ನ ಟಿಡಿಎಸ್ ಏಕೆ ಬಿಟ್ಟಿದ್ದೀರಿ’ ಎಂದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ‘ಇಂಥ ದಿನಾಂಕದ ಆದೇಶ, ಗಣನೆ ಹಾಳೆ, ಬೇಡಿಕೆ ನೋಟಿಸು ಇವುಗಳ ದೃಢೀಕೃತ ನಕಲು, ಕಡತ ಬೇರೆ ವಾರ್ಡಿಗೆ ಹೋಗಿದ್ದರೆ ಅದನ್ನು ಕಳಿಸಿದ ಪತ್ರದ ನಕಲು’ ಎಂದು ಬರೆಯಿರಿ. ಈ ಎರಡನೆಯ ಬೇಡಿಕೆ ನಮಗೆ ಬಹಳ ಉಪಯೋಗವಾಯಿತು. ಕಡತ ಹೋಗಿದೆ ಎಂದರೆ ಕಳಿಸಿದ ಪತ್ರ ತೋರಿಸಬೇಕು. ಪತ್ರ ಇಲ್ಲವೆಂದರೆ ಕಡತ ಅಲ್ಲೇ ಇದೆ ಎಂದಾಗುತ್ತದೆ. ತಮ್ಮಲ್ಲಿಲ್ಲದ ಮಾಹಿತಿಗೆ ಬಂದ ಅರ್ಜಿಯನ್ನು ಸಂಬಂಧಪಟ್ಟ ಪ್ರಾಧಿಕಾರಕ್ಕೆ 5 ದಿನದೊಳಗೆ ವರ್ಗಾಯಿಸಬೇಕು ಎಂದು 6(3) ಹೇಳುತ್ತದೆ, ಅದನ್ನೂ ಅರ್ಜಿಯಲ್ಲೇ ಉಲ್ಲೇಖಿಸಿ. ಅರ್ಜಿದಾರರು ಪ್ಯಾನ್‌ದಾರರೇ ಆಗಿರಬೇಕು, ಗುರುತಿನ ಚೀಟಿ ಜೊತೆಗಿರಬೇಕು. ಬೇರೆಯವರ ಹೆಸರಿನಲ್ಲಿ ಹಾಕಿದರೆ ಮೂರನೆಯವರ ವೈಯಕ್ತಿಕ ಮಾಹಿತಿ ಎಂದು 8(1)(ಜೆ) ಅಡಿ ನಿರಾಕರಣೆ ಬರುತ್ತದೆ. ಹಾಗಾಗಿ ಅರ್ಜಿ ಮಾವನವರ ಹೆಸರಿನಲ್ಲೇ ಹೋಯಿತು.

ನಕಲಿಗೆ ಇಷ್ಟು ಕಟ್ಟಿ ಎಂಬ ಪತ್ರ ಬಂದರೆ ಅದೇ ದಿನ ಕಟ್ಟಿ, ಏಕೆಂದರೆ ಅವರು ಪತ್ರ ಕಳಿಸಿದಂದಿನಿಂದ ಹಣ ಕಟ್ಟುವವರೆಗಿನ ದಿನಗಳು 30ರಲ್ಲಿ ಲೆಕ್ಕಕ್ಕಿಲ್ಲ. ‘ಕಡತ ಸಿಗುತ್ತಿಲ್ಲ’ ಎಂಬ ಉತ್ತರ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು, ಅದಕ್ಕೆ ಕೇಂದ್ರದ ನಿಯಮದಲ್ಲಿ ಶುಲ್ಕವಿಲ್ಲ. ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಹಳೆಯ ವಾರ್ಡಿನ ದಾಖಲೆ ಕೋಣೆಯಲ್ಲಿ ಕಡತ ಸಿಕ್ಕಿತು, ಬೇರೆ ವರ್ಷದ ಕಟ್ಟಿನಲ್ಲಿ ಸೇರಿಹೋಗಿತ್ತು. ಅಲ್ಲಿನ ಸಿಬ್ಬಂದಿಯೊಬ್ಬರು ರಿಜಿಸ್ಟರಿನಲ್ಲಿ ಆದೇಶದ ದಿನಾಂಕದ ಮೇಲೆ ಬೆರಳಿಟ್ಟು ಹುಡುಕಿದ್ದು ನಾವು ಬರೆದುಕೊಟ್ಟ ವಿವರದಿಂದ. ಮಾವನವರ ಮುಖದಲ್ಲಿ ಆ ದಿನ ಕಂಡ ನಿರಾಳ ದೊಡ್ಡದು.

ನಕಲು ಕೈಗೆ ಬಂದಾಗ ಅಲ್ಲೇ ನಿಂತು ನೋಡಿ. ‘ನಿಜ ಪ್ರತಿ’ ಎಂಬ ಮಾತು, ದಿನಾಂಕ, ಅಧಿಕಾರಿಯ ಸಹಿ, ಹೆಸರು, ಹುದ್ದೆ, ಕಚೇರಿ ಮೊಹರು ಇವೆಲ್ಲ ಇದ್ದರೆ ಮಾತ್ರ ಅದು ದೃಢೀಕೃತ ನಕಲು. ಹಿಂದೆ ಸಾಕ್ಷ್ಯ ಕಾಯ್ದೆಯ 76ನೇ ಸೆಕ್ಷನ್ ಹೇಳುತ್ತಿದ್ದ ಇದನ್ನೇ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೆಯದು ಹೇಳುತ್ತದೆ. ಮೊದಲ ಪುಟಕ್ಕೆ ಮಾತ್ರ ಮೊಹರು ಹಾಕಿದ್ದರೆ ಎಲ್ಲ ಪುಟಕ್ಕೂ ಕೇಳಿ. ಗಣನೆ ಹಾಳೆ ಸಾಮಾನ್ಯವಾಗಿ ಬಿಡಿ ಹಾಳೆ, ಆದೇಶಕ್ಕೆ ಹಾಕಿದ ಮೊಹರು ಅದಕ್ಕೆ ಬಿದ್ದಿರುವುದಿಲ್ಲ. ನಮಗೆ ಕೊಟ್ಟ ಶೀಟಿಗೂ ಮೊದಲು ಇರಲಿಲ್ಲ, ಕೇಳಿದ ಮೇಲೆ ಹಾಕಿಕೊಟ್ಟರು.

ಶೀಟು ನೋಡಿದ ಕೂಡಲೇ ವಿಷಯ ತಿಳಿಯಿತು. ರಿಟರ್ನ್‌ನಲ್ಲಿ ತೋರಿಸಿದ ಆದಾಯ 6,80,000. ಎಫ್‌ಡಿ ಬಡ್ಡಿ 2,00,000 ಸೇರಿಸಿ ಆದಾಯ 8,80,000 ಎಂದು ನಿರ್ಧರಿಸಿದ್ದರು, ಅದರಲ್ಲಿ ತಕರಾರಿಲ್ಲ. ಆ ವರ್ಷದ ದರದಲ್ಲಿ ತೆರಿಗೆ 1,06,000, ಶೇ 3ರ ಸೆಸ್ ಸೇರಿ 1,09,180. ಸಂಬಳದ ಟಿಡಿಎಸ್ 67,980 ಕಳೆದಿದ್ದರು. ಆದರೆ ಸೇರಿಸಿದ ಅದೇ ಬಡ್ಡಿಯ ಮೇಲೆ ಬ್ಯಾಂಕು ಹಿಡಿದಿದ್ದ 20,000 ಕಳೆದಿರಲಿಲ್ಲ. ಹೀಗಾಗಿ ಬಾಕಿ 41,200, ಅದರ ಮೇಲೆ 2013ರ ಏಪ್ರಿಲ್‌ನಿಂದ 2016ರ ಮಾರ್ಚ್‌ವರೆಗೆ 36 ತಿಂಗಳಿಗೆ ತಿಂಗಳಿಗೆ ಶೇ 1ರಂತೆ 234ಬಿ ಬಡ್ಡಿ 14,832. ಒಟ್ಟು 56,032, ಹತ್ತಕ್ಕೆ ಸರಿಮಾಡಿದರೆ ಪೋರ್ಟಲ್‌ನಲ್ಲಿದ್ದ 56,030. ಬ್ಯಾಂಕಿನ ಟಿಡಿಎಸ್ ಒಪ್ಪಿದರೆ ಬಾಕಿ 21,200, ಬಡ್ಡಿ 7,632, ಒಟ್ಟು 28,830. ವ್ಯತ್ಯಾಸ 27,200 ರೂಪಾಯಿ, ಅದರಲ್ಲಿ 7,200 ಬರೀ ಬಡ್ಡಿ. ಬೇಡಿಕೆ ಕಟ್ಟದೆ ಉಳಿದದ್ದಕ್ಕೆ 220(2)ರ ಬಡ್ಡಿ ಇದರ ಮೇಲೆ ಬೇರೆ ಬೆಳೆಯುತ್ತಿತ್ತು, ತಿಂಗಳಿಗೆ ಮತ್ತೆ ಶೇ 1. ಬೇಡಿಕೆ ಇಳಿದರೆ ಅದೂ ಇಳಿಯುತ್ತದೆ.

ಆದೇಶ ಕಳೆದವರು ಗಮನಿಸಬೇಕಾದ ಎರಡು ಗಡುವುಗಳಿವೆ. 154ರ ತಿದ್ದುಪಡಿಗೆ ಆದೇಶ ಆದ ಹಣಕಾಸು ವರ್ಷದ ಕೊನೆಯಿಂದ ನಾಲ್ಕು ವರ್ಷ. ನಮ್ಮದಕ್ಕೆ ಅದು 2020ರ ಮಾರ್ಚ್ 31ಕ್ಕೇ ಮುಗಿದಿತ್ತು. ಆದರೆ ಅವಧಿಯೊಳಗೆ ಕೊಟ್ಟ ಅರ್ಜಿ ಬಾಕಿ ಉಳಿದಿದ್ದರೆ ಅದನ್ನು ಆಮೇಲೂ ತೀರ್ಮಾನಿಸಬಹುದು ಎಂದು ಸಿಬಿಡಿಟಿ 1972ರಲ್ಲೇ ಸುತ್ತೋಲೆ ಹೊರಡಿಸಿದೆ. 2017ರ ಟಪಾಲು ಮೊಹರು ಇಲ್ಲದಿದ್ದರೆ ಈ ದೃಢೀಕೃತ ನಕಲಿನಿಂದ ತಪ್ಪು ಕಾಣುತ್ತಿತ್ತೇ ಹೊರತು ತಿದ್ದಿಸುವುದು ಬಹಳ ಕಷ್ಟವಾಗುತ್ತಿತ್ತು. ಇನ್ನೊಂದು ಮೇಲ್ಮನವಿಯ ಗಡುವು, ಬೇಡಿಕೆ ನೋಟಿಸು ತಲುಪಿದಂದಿನಿಂದ 30 ದಿನ. ನಕಲು ಪಡೆಯಲು ಹಿಡಿದ ಸಮಯವನ್ನು ಗಡುವಿನಿಂದ ಕಳೆಯಲು 268ನೇ ಸೆಕ್ಷನ್ ಅವಕಾಶ ಕೊಡುತ್ತದೆ, ಆದರೆ ನೋಟಿಸಿನ ಜೊತೆ ಆದೇಶ ಕೊಟ್ಟೇ ಇರದಿದ್ದರೆ ಮಾತ್ರ. ಆದೇಶ ಬಂದು, ಆಮೇಲೆ ಕಳೆದುಕೊಂಡವರಿಗೆ ಆ ವಿನಾಯಿತಿ ಇಲ್ಲ. ಅವರು ನಕಲಿಗೆ ಕಾಯದೆ ಇರುವ ಕಾಗದದೊಂದಿಗೇ ಮೇಲ್ಮನವಿ ಸಲ್ಲಿಸಿ, ತಡವಾಗಿದ್ದರೆ 249(3)ರ ಅಡಿ ವಿಳಂಬ ಮನ್ನಿಸಲು ಕೇಳಬೇಕು. ಆಗ ನಕಲಿಗೆ ಕೊಟ್ಟ ಅರ್ಜಿಗಳ ಸ್ವೀಕೃತಿಗಳೇ ಕಾರಣಕ್ಕೆ ಸಾಕ್ಷಿ.

ನಾವು ದೃಢೀಕೃತ ಆದೇಶ, ಗಣನೆ ಹಾಳೆ, ಬ್ಯಾಂಕಿನ ಟಿಡಿಎಸ್ ತೋರಿಸುವ 26ಎಎಸ್ ಮತ್ತು 2017ರ ಸ್ವೀಕೃತಿ ಸೇರಿಸಿ, ಮೇಲಿನ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಎರಡು ಕಾಲಂ ಮಾಡಿ, ಬಾಕಿ ಇರುವ ಅರ್ಜಿಯನ್ನು ತೀರ್ಮಾನಿಸಿ ಎಂದು ಈಗಿನ ವಾರ್ಡಿಗೆ ಕೊಟ್ಟಿದ್ದೇವೆ. ಇದನ್ನು ಹೊಸ 154 ಅರ್ಜಿ ಎಂದು ಬರೆಯಬೇಡಿ, ಹಾಗೆ ಬರೆದರೆ ನಾಲ್ಕು ವರ್ಷ ಮೀರಿದೆ ಎಂದು ವಾಪಸು ಬರುತ್ತದೆ. ವಿಷಯದ ಸಾಲಿನಲ್ಲೇ ಹಳೆಯ ಅರ್ಜಿಯ ದಿನಾಂಕ ಮತ್ತು ಟಪಾಲು ಸಂಖ್ಯೆ ಇರಲಿ. ವಾರ್ಡಿಗೆ ನಕಲಿನ ಜೆರಾಕ್ಸ್ ಮಾತ್ರ ಕೊಟ್ಟೆವು. ಮೊಹರಿರುವ ಮೂಲ ನಕಲನ್ನು ಅಧಿಕಾರಿಗೆ ತೋರಿಸಿ, ನೋಡಿದ್ದೇನೆ ಎಂದು ಜೆರಾಕ್ಸಿನ ಮೇಲೆ ಬರೆಸಿಕೊಂಡು ವಾಪಸು ತಂದೆವು.